ಆರ್ಡರ್ ಹೆಚ್ಚಿತು, ಕನ್ವರ್ಷನ್ ರೇಟ್ ಕುಸಿಯಿತು: ಮೊದಲು ಏನನ್ನು ಸರಿಪಡಿಸಬೇಕು?

ಇಂದು ಒಂದೇ ಒಂದು ಅಂಗಡಿಯ ಲೆಕ್ಕವನ್ನು ಪೂರ್ತಿ ಬಿಚ್ಚಿ ನೋಡೋಣ. ಇಳಕಲ್ ಸೀರೆ ಮಾರುವ ಆನ್‌ಲೈನ್ ಅಂಗಡಿ ಅದು. ಸ್ವಂತ ವೆಬ್‌ಸೈಟ್ ಇದೆ, ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ಗ್ರಾಹಕರ ಪಟ್ಟಿ ಇದೆ, ಇತ್ತೀಚೆಗೆ ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತನ್ನೂ ಹೆಚ್ಚಿಸಿದ್ದಾರೆ. ಅಂಗಡಿಯೂ ಅಂಕಿಗಳೂ ಲೆಕ್ಕ ತೋರಿಸಲು ನಾನು ಕಟ್ಟಿಕೊಂಡವು. ಆದರೆ ಅಂಕಿಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆಯೋ ನಿಮ್ಮ ಅಂಗಡಿಯಲ್ಲೂ ಹಾಗೆಯೇ ಹೆಣೆದುಕೊಂಡಿರುತ್ತವೆ.

ಜಾಹೀರಾತು ಹೆಚ್ಚಿಸುವ ಮೊದಲಿನ ನಾಲ್ಕು ವಾರಗಳಲ್ಲಿ 5,000 ಭೇಟಿಗಳು, 80 ಆರ್ಡರ್‌ಗಳು. ನೂರು ಭೇಟಿಗೆ 1.6 ಆರ್ಡರ್, ಅಂದರೆ ಕನ್ವರ್ಷನ್ ರೇಟ್ ಶೇ. 1.6. ನಂತರದ ನಾಲ್ಕು ವಾರಗಳಲ್ಲಿ 10,000 ಭೇಟಿಗಳು, 90 ಆರ್ಡರ್‌ಗಳು. ಕನ್ವರ್ಷನ್ ರೇಟ್ ಶೇ. 0.9. ನಾಲ್ಕು ವಾರ ಎಂದು ಬೇಕೆಂದೇ ಹೇಳುತ್ತಿದ್ದೇನೆ. ತಿಂಗಳಿಗೆ ತಿಂಗಳನ್ನು ಹೋಲಿಸಿದರೆ ಒಂದರಲ್ಲಿ ನಾಲ್ಕು ಭಾನುವಾರ, ಇನ್ನೊಂದರಲ್ಲಿ ಐದು ಬರುತ್ತವೆ. ಸೀರೆ ವ್ಯಾಪಾರದಲ್ಲಿ ಒಂದು ಭಾನುವಾರ ಹೆಚ್ಚಾದರೂ ಲೆಕ್ಕ ವಾಲುತ್ತದೆ.

ಈಗ ಈ ಅಂಗಡಿಯವರ ಜಾಗದಲ್ಲಿ ನೀವಿದ್ದೀರಿ ಎಂದುಕೊಳ್ಳಿ. ದರ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ವೆಬ್‌ಸೈಟ್ ಹಳೆಯದಾಯಿತು, ಹೊಸ ವಿನ್ಯಾಸ ಮಾಡಿಸೋಣ ಎಂದು ಒಬ್ಬರು ಹೇಳುತ್ತಾರೆ. ಬೆಲೆ ಜಾಸ್ತಿಯಾಯಿತು, ಶೇ. 10 ರಿಯಾಯಿತಿ ಕೊಡೋಣ ಎಂದು ಇನ್ನೊಬ್ಬರು. ಎರಡಕ್ಕೂ ಹಣ ಬೇಕು. ಈ ಅಂಗಡಿಯ ಮಟ್ಟಿಗೆ ಎರಡೂ ತಪ್ಪು ನಿರ್ಧಾರಗಳೇ. ಹೇಗೆಂದು ಹಂತ ಹಂತವಾಗಿ ನೋಡೋಣ.

ಅದಕ್ಕೆ ಮೊದಲು ‘ಭೇಟಿ’ ಎಂದರೇನು ಎಂಬುದು ಗೊತ್ತಿರಬೇಕು. ಗೂಗಲ್ ಅನಲಿಟಿಕ್ಸ್ ಆಗಲಿ ಶಾಪಿಫೈ ಆಗಲಿ ಭೇಟಿ ಎಂದು ಎಣಿಸುವುದು ಜನರನ್ನಲ್ಲ, ಸೆಷನ್‌ಗಳನ್ನು. ಮೂವತ್ತು ನಿಮಿಷ ಯಾವ ಚಲನೆಯೂ ಇಲ್ಲದಿದ್ದರೆ ಒಂದು ಸೆಷನ್ ಮುಗಿಯುತ್ತದೆ. ಅದೇ ವ್ಯಕ್ತಿ ಮತ್ತೆ ಬಂದರೆ ಅದು ಹೊಸ ಸೆಷನ್. ಸೀರೆಯನ್ನು ನಮ್ಮ ಮನೆಗಳಲ್ಲಿ ಒಬ್ಬರೇ ನೋಡಿ ಕೊಳ್ಳುವುದಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕಂಡದ್ದನ್ನು ಸಂಜೆ ಅತ್ತೆಗೋ ಅಕ್ಕನಿಗೋ ತೋರಿಸಿ, ರಾತ್ರಿ ಊಟವಾದ ಮೇಲೆ ಆರ್ಡರ್ ಮಾಡುತ್ತಾರೆ. ಆರ್ಡರ್ ಒಂದು, ಸೆಷನ್ ಮೂರು. ಹಾಗಾಗಿ ಶೇ. 1.6 ಎಂದರೆ ನೂರು ಜನರಲ್ಲಿ ತೊಂಬತ್ತೆಂಟು ಮಂದಿ ನಿಮ್ಮನ್ನು ತಿರಸ್ಕರಿಸಿದರು ಎಂದಲ್ಲ. ಕೊಳ್ಳಲು ಹೆಚ್ಚು ಯೋಚಿಸಬೇಕಾದ ಸರಕಿಗೆ ಈ ದರ ಕಡಿಮೆಯೇ ಇರುತ್ತದೆ. ಯಾರೋ ಹೇಳಿದ ‘ಸರಾಸರಿ ಶೇ. 2 ಇರಬೇಕು’ ಎಂಬ ಮಾತಿಗೆ ನಿಮ್ಮ ಅಂಗಡಿಯನ್ನು ಹೋಲಿಸಬೇಡಿ. ಸಾಬೂನಿನ ಅಂಗಡಿ, ಪುಸ್ತಕದ ಅಂಗಡಿ, ಸೀರೆ ಅಂಗಡಿ ಎಲ್ಲವನ್ನೂ ಕಲಸಿ ತೆಗೆದ ಸರಾಸರಿ ಅದು. ನಿಮ್ಮ ಅಂಗಡಿಯನ್ನು ಹಿಂದಿನ ನಿಮ್ಮ ಅಂಗಡಿಗೇ ಹೋಲಿಸಿ.

ಈಗ ಒಟ್ಟು ದರವನ್ನು ಪಕ್ಕಕ್ಕಿಟ್ಟು, ಭೇಟಿಗಳು ಬಂದ ದಾರಿಯ ಪ್ರಕಾರ ಒಡೆಯೋಣ. ಮೊದಲ ಅವಧಿಯಲ್ಲಿ ಇನ್‌ಸ್ಟಾಗ್ರಾಂ ಜಾಹೀರಾತಿನಿಂದ ಬಂದದ್ದು 1,000 ಭೇಟಿ, 3 ಆರ್ಡರ್. ಗೂಗಲ್ ಹುಡುಕಾಟದಿಂದ 1,800 ಭೇಟಿ, 37 ಆರ್ಡರ್. ‘ಡೈರೆಕ್ಟ್’ ಎಂದು ತೋರಿಸುವ ದಾರಿಯಿಂದ 1,700 ಭೇಟಿ, 35 ಆರ್ಡರ್. ಉಳಿದದ್ದು ಚಿಲ್ಲರೆ. ಎರಡನೆಯ ಅವಧಿಯಲ್ಲಿ ಗೂಗಲ್‌ನಿಂದ ಅದೇ 1,800 ಭೇಟಿಗೆ 36 ಆರ್ಡರ್, ಡೈರೆಕ್ಟ್‌ನಿಂದ ಅದೇ 1,700 ಭೇಟಿಗೆ 34. ಜಾಹೀರಾತಿನಿಂದ ಮಾತ್ರ 6,000 ಭೇಟಿ, 18 ಆರ್ಡರ್.

ಜಾಹೀರಾತಿನವರು ಮೊದಲೂ ಸಾವಿರಕ್ಕೆ ಮೂವರು ಕೊಳ್ಳುತ್ತಿದ್ದರು, ಈಗಲೂ ಸಾವಿರಕ್ಕೆ ಮೂವರೇ. ಗೂಗಲ್‌ನವರು ಮೊದಲೂ ನೂರಕ್ಕೆ ಇಬ್ಬರು, ಈಗಲೂ ಇಬ್ಬರು. ಯಾವ ದಾರಿಯೂ ಕೆಟ್ಟಿಲ್ಲ. ಕಡಿಮೆ ಕೊಳ್ಳುವ ದಾರಿಯಿಂದ ಬರುವವರ ಪಾಲು ಐದರಲ್ಲಿ ಒಂದಿದ್ದದ್ದು ಐದರಲ್ಲಿ ಮೂರಕ್ಕೆ ಏರಿತು, ಅಷ್ಟೆ. ತೆಳುವಾದ ಹಾಲಿಗೆ ಇನ್ನಷ್ಟು ನೀರು ಬೆರೆತಂತೆ ಒಟ್ಟು ದರ ತೆಳುವಾಯಿತು. ವೆಬ್‌ಸೈಟಿನ ಒಂದು ಅಕ್ಷರವೂ ಬದಲಾಗದೆ ದರ ಕುಸಿಯಬಹುದು. ಆದ್ದರಿಂದ ಒಟ್ಟು ಕನ್ವರ್ಷನ್ ರೇಟ್ ಇಳಿದಾಗ ಮೊದಲು ಕೇಳಬೇಕಾದ್ದು ‘ಬಂದವರು ಬದಲಾದರೋ, ಅಂಗಡಿ ಬದಲಾಯಿತೋ’ ಎಂದು.

ದಾರಿಯ ಹೆಸರುಗಳನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಡೈರೆಕ್ಟ್ ಎಂದರೆ ವಿಳಾಸವನ್ನು ಕೈಯಿಂದ ಟೈಪ್ ಮಾಡಿ ಬಂದವರು ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜದಲ್ಲಿ ಅದು ‘ಎಲ್ಲಿಂದ ಬಂದರೋ ತಿಳಿಯಲಿಲ್ಲ’ ಎಂಬ ಗೂಡು. ವಾಟ್ಸ್‌ಆ್ಯಪ್‌ನಲ್ಲಿ ನೀವು ಕಳಿಸಿದ ಲಿಂಕ್ ಒತ್ತಿ ಬಂದವರು ಬಹುತೇಕ ಈ ಗೂಡಿಗೇ ಬೀಳುತ್ತಾರೆ. ಇಳಕಲ್ ಸೀರೆ ಅಂಗಡಿಯ 34 ಡೈರೆಕ್ಟ್ ಆರ್ಡರ್‌ಗಳಲ್ಲಿ ಹೆಚ್ಚಿನವು ಹಳೆಯ ಗ್ರಾಹಕರ ವಾಟ್ಸ್‌ಆ್ಯಪ್ ಪಟ್ಟಿಯಿಂದ ಬಂದಿರಬಹುದು; ಆದರೆ ಈಗಿನ ಅಂಕಿಯಿಂದ ಅದನ್ನು ಹೇಳಲಾಗದು. ಪರಿಹಾರ ಸುಲಭ. ಕಳಿಸುವ ಲಿಂಕಿಗೆ ಗುರುತು ಅಂಟಿಸಿ:

```
https://example.com/ilkal?utm_source=whatsapp&utm_medium=message&utm_campaign=dasara
```

ಎಲ್ಲವನ್ನೂ ಸಣ್ಣಕ್ಷರದಲ್ಲಿ ಬರೆಯಿರಿ, ಏಕೆಂದರೆ WhatsApp ಮತ್ತು whatsapp ಎರಡನ್ನೂ ಅನಲಿಟಿಕ್ಸ್ ಬೇರೆ ಬೇರೆ ದಾರಿಗಳೆಂದು ಎಣಿಸುತ್ತದೆ. ನಿಮ್ಮದೇ ಸೈಟಿನ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಲಿಂಕಿಗೆ ಈ ಗುರುತು ಹಾಕಬೇಡಿ; ಗ್ರಾಹಕರು ಮೊದಲು ಬಂದ ದಾರಿಯ ಮೇಲೆ ಅದು ಕೂತುಬಿಡಬಹುದು.

ಇನ್ನೊಂದು ಮೋಸ ಪೇಮೆಂಟ್ ಗೇಟ್‌ವೇಯದು. ಹಣ ಕಟ್ಟಲು ಗ್ರಾಹಕರು ಗೇಟ್‌ವೇ ಪುಟಕ್ಕೆ ಹೋಗಿ ಮರಳಿ ಬರುವಾಗ, ಅವರು ಆ ಗೇಟ್‌ವೇಯಿಂದಲೇ ಬಂದವರೆಂದು ಅನಲಿಟಿಕ್ಸ್ ಬರೆದುಕೊಳ್ಳಬಹುದು. ರೆಫರಲ್ ಪಟ್ಟಿಯಲ್ಲಿ ಯಾವುದೋ ಗೇಟ್‌ವೇ ಹೆಸರಿದ್ದು, ಅದರ ಕನ್ವರ್ಷನ್ ರೇಟ್ ಶೇ. 40 ಅಥವಾ 50 ಇದ್ದರೆ ಅದೇ ಗುರುತು. ಗೂಗಲ್ ಅನಲಿಟಿಕ್ಸ್‌ನಲ್ಲಿ ನಿಮ್ಮ ಡೇಟಾ ಸ್ಟ್ರೀಮಿನ ಟ್ಯಾಗ್ ಸೆಟ್ಟಿಂಗ್‌ಗಳ ಒಳಗೆ List unwanted referrals ಎಂಬುದಿದೆ. ಆ ಗೇಟ್‌ವೇ ವಿಳಾಸವನ್ನು ಅಲ್ಲಿ ಸೇರಿಸಿ. ಇದನ್ನು ಮಾಡದೆ ದಾರಿಗಳನ್ನು ಹೋಲಿಸಿದರೆ, ಜಾಹೀರಾತೋ ಹುಡುಕಾಟವೋ ತಂದ ಆರ್ಡರಿನ ಹೆಸರು ಗೇಟ್‌ವೇಗೆ ಹೋಗಿರುತ್ತದೆ.

ಜಾಹೀರಾತಿಗೆ ಬರೋಣ. ಒಂದು ಭೇಟಿಗೆ 5 ರೂಪಾಯಿಯಂತೆ 6,000 ಭೇಟಿಗೆ 30,000 ರೂಪಾಯಿ ಖರ್ಚಾಗಿದೆ. ಒಂದು ಸೀರೆ 1,800 ರೂಪಾಯಿ. ನೇಕಾರರಿಗೆ ಕೊಟ್ಟು, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದು ಅಂಗಡಿಗೆ ಉಳಿಯುವುದು 540 ರೂಪಾಯಿ ಎಂದಿಟ್ಟುಕೊಳ್ಳಿ. 18 ಆರ್ಡರ್‌ಗೆ 9,720. ಅಂದರೆ 20,000ಕ್ಕೂ ಹೆಚ್ಚು ನಷ್ಟ. ಮಾರಾಟದ ಮೊತ್ತ 32,400 ಎಂದು ನೋಡಿ ‘ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಬಂತು’ ಎಂದು ಸಮಾಧಾನಪಡುವವರಿದ್ದಾರೆ. ಜಾಹೀರಾತಿನ ಖರ್ಚನ್ನು ಉಳಿಕೆಯ ಎದುರು ಇಡಬೇಕು, ಮಾರಾಟದ ಎದುರು ಅಲ್ಲ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಜಾಹೀರಾತು ನೋಡಿದವರು ಆಗಲೇ ಕೊಳ್ಳದೆ, ಮೂರು ದಿನ ಬಿಟ್ಟು ಗೂಗಲ್‌ನಲ್ಲಿ ಅಂಗಡಿಯ ಹೆಸರು ಹುಡುಕಿ ಬಂದಿರಬಹುದಲ್ಲವೇ? ಬಂದಿರಬಹುದು. ಹಾಗೆ ಆಗಿದ್ದರೆ ಜಾಹೀರಾತು ಆರು ಪಟ್ಟು ಹೆಚ್ಚಿದಾಗ ಗೂಗಲ್ ಮತ್ತು ಡೈರೆಕ್ಟ್ ಭೇಟಿಗಳೂ ಏರಬೇಕಿತ್ತು. ನಮ್ಮ ಲೆಕ್ಕದಲ್ಲಿ ಅವು ಅಲ್ಲೇ ನಿಂತಿವೆ. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಅಂಗಡಿಯ ಹೆಸರನ್ನೇ ಹುಡುಕಿದವರ ಸಂಖ್ಯೆಯನ್ನೂ ನೋಡಿ. ಅದೂ ಏರಿಲ್ಲದಿದ್ದರೆ ಆ ಆಸೆಯನ್ನು ಬಿಡಬೇಕು.

ಕ್ಯಾಶ್ ಆನ್ ಡೆಲಿವರಿ ಇಟ್ಟಿರುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಅನಲಿಟಿಕ್ಸ್ ‘ಆರ್ಡರ್’ ಎಂದು ಎಣಿಸಿದ್ದು ಗ್ರಾಹಕರ ಬಾಗಿಲಿನಿಂದ ವಾಪಸ್ ಬರಬಹುದು. ವಾಪಸ್ ಬಂದದ್ದನ್ನು ಅನಲಿಟಿಕ್ಸ್ ಸಾಮಾನ್ಯವಾಗಿ ತಾನಾಗಿ ಕಳೆಯುವುದಿಲ್ಲ. ಹೋಗಿ ಬಂದ ಎರಡೂ ಕೊರಿಯರ್ ಖರ್ಚು ನಿಮ್ಮದೇ. ಕೊರಿಯರ್‌ನವರ ಆರ್‌ಟಿಒ ಪಟ್ಟಿಯನ್ನು, ಅಂದರೆ ಮರಳಿ ಬಂದ ಪಾರ್ಸೆಲ್‌ಗಳ ಪಟ್ಟಿಯನ್ನು, ತೆಗೆದುಕೊಂಡು, ಪ್ರತಿ ಆರ್ಡರ್ ಯಾವ ದಾರಿಯಿಂದ ಬಂದಿತ್ತೆಂದು ಪಕ್ಕದಲ್ಲಿ ಬರೆಯಿರಿ. ಕಣ್ಣಿಗೆ ಬಿದ್ದ ಕ್ಷಣದ ಆಸೆಯಿಂದ ಆದ ಆರ್ಡರ್‌ಗಳು ಹುಡುಕಿಕೊಂಡು ಬಂದವರ ಆರ್ಡರ್‌ಗಳಿಗಿಂತ ಹೆಚ್ಚು ಮರಳುತ್ತವೆಯೇ ಎಂಬುದು ಆ ಪಟ್ಟಿಯಿಂದ ನಿಮಗೇ ತಿಳಿಯುತ್ತದೆ.

37 ಇದ್ದದ್ದು 36 ಆದದ್ದನ್ನು ನಾನು ‘ಅಲ್ಲೇ ನಿಂತಿದೆ’ ಎಂದು ಕರೆದೆ. ಅದಕ್ಕೆ ಕಾರಣ ಹೇಳಬೇಕು. ಸಣ್ಣ ಸಂಖ್ಯೆಗಳು ಯಾವ ಕಾರಣವೂ ಇಲ್ಲದೆ ಏರಿಳಿಯುತ್ತವೆ. ಒರಟಾದ ಆದರೆ ಉಪಯೋಗಕ್ಕೆ ಬರುವ ಒಂದು ಅಳತೆ ಇದೆ: ಆರ್ಡರ್ ಸಂಖ್ಯೆಯ ವರ್ಗಮೂಲ ತೆಗೆದು ಎರಡರಷ್ಟು ಮಾಡಿ. 36ರ ವರ್ಗಮೂಲ 6, ಎರಡರಷ್ಟು 12. ಅಂದರೆ ಏನೂ ಬದಲಾಗದಿದ್ದರೂ 24ರಿಂದ 48ರವರೆಗೆ ಯಾವ ಅಂಕಿಯೂ ಬರಬಹುದು. ಒಟ್ಟು ಆರ್ಡರ್ 80ರಿಂದ 90ಕ್ಕೆ ಏರಿದ್ದೂ ಈ ಅಳತೆಯೊಳಗೇ ಬರುತ್ತದೆ. ಅದನ್ನು ಬೆಳವಣಿಗೆ ಎನ್ನಲಾಗದು. ದಿನಕ್ಕೆ ಮೂರು ಆರ್ಡರ್ ಬರುವ ಅಂಗಡಿಯಲ್ಲಿ ಪ್ರತಿದಿನದ ಕನ್ವರ್ಷನ್ ರೇಟ್ ನೋಡಿ ನಿರ್ಧಾರ ಮಾಡುವುದು ವ್ಯರ್ಥ. ನಿಮ್ಮಲ್ಲಿ ಕೆಲವರು ಬೆಳಿಗ್ಗೆ ಎದ್ದೊಡನೆ ಅದನ್ನೇ ನೋಡುತ್ತೀರಿ ಎಂದು ನನಗೆ ಗೊತ್ತು. ನೋಡಿ, ಆದರೆ ಅದರ ಆಧಾರದ ಮೇಲೆ ಏನನ್ನೂ ಬದಲಿಸಬೇಡಿ.

ಜಾಹೀರಾತನ್ನು ಸದ್ಯಕ್ಕೆ ನಿಲ್ಲಿಸೋಣ. ಅದು ಐದು ನಿಮಿಷದ ಕೆಲಸ. ಅದರಿಂದ ನಷ್ಟ ನಿಲ್ಲುತ್ತದೆ, ಆದರೆ ಮಾರಾಟ ಹೆಚ್ಚುವುದಿಲ್ಲ. ಹೆಚ್ಚಿಸಲು ಅಂಗಡಿಯ ಒಳಗೆ ಹೋಗಬೇಕು. ಗೂಗಲ್ ಮತ್ತು ಡೈರೆಕ್ಟ್‌ನ 3,500 ಭೇಟಿಗಳನ್ನು ಮಾತ್ರ ತೆಗೆದುಕೊಳ್ಳೋಣ, ಏಕೆಂದರೆ ಕೊಳ್ಳುವ ಮನಸ್ಸಿನಿಂದ ಬಂದವರು ಇವರು. ಇವರಲ್ಲಿ 330 ಭೇಟಿಗಳಲ್ಲಿ ಸೀರೆ ಕಾರ್ಟಿಗೆ ಬಿದ್ದಿದೆ. 210 ಭೇಟಿಗಳು ಚೆಕ್‌ಔಟ್ ಪುಟ ಮುಟ್ಟಿವೆ. ಆರ್ಡರ್ ಆದದ್ದು 70.

ಎಲ್ಲಿ ಸೋರುತ್ತಿದೆ? ಅತಿ ಹೆಚ್ಚು ಜನ ಬಿಟ್ಟುಹೋಗುವುದು ಮೊದಲ ಹಂತದಲ್ಲಿ: 3,500ರಿಂದ 330ಕ್ಕೆ. ಅಂಕಿಯ ಗಾತ್ರ ನೋಡಿ ಅಲ್ಲಿಗೇ ಕೈಹಾಕುವವರು ಬಹಳ. ಆದರೆ ನೋಡಲು ಬಂದವರು ನೋಡಿ ಹೋಗುವುದು ಯಾವ ಅಂಗಡಿಯಲ್ಲೂ ಸಹಜ. ಚೆಕ್‌ಔಟ್ ಪುಟಕ್ಕೆ ಬಂದವರು ಮಾತ್ರ ಸೀರೆ ಆರಿಸಿಯಾಗಿದೆ, ಬೆಲೆ ಒಪ್ಪಿಯಾಗಿದೆ. ಅಂಥವರಲ್ಲಿ ಮೂವರಿಗೆ ಇಬ್ಬರು ಹಿಂತಿರುಗುತ್ತಿದ್ದಾರೆ ಎಂದರೆ ಅಲ್ಲೇನೋ ತಡೆ ಇದೆ ಎಂದು ಅನುಮಾನಿಸಬೇಕು.

ಅನುಮಾನವನ್ನು ಹರಿತಗೊಳಿಸಲು ಅದೇ 210ನ್ನು ಸಾಧನದ ಪ್ರಕಾರ ಒಡೆಯಿರಿ. ಮೊಬೈಲ್‌ನಲ್ಲಿ ಚೆಕ್‌ಔಟ್ ಮುಟ್ಟಿದ್ದು 170, ಆರ್ಡರ್ 42. ಕಂಪ್ಯೂಟರ್‌ನಲ್ಲಿ ಮುಟ್ಟಿದ್ದು 40, ಆರ್ಡರ್ 28. ಒಂದೆಡೆ ನಾಲ್ವರಲ್ಲಿ ಒಬ್ಬರು, ಇನ್ನೊಂದೆಡೆ ಹತ್ತರಲ್ಲಿ ಏಳು ಮಂದಿ. ಕಂಪ್ಯೂಟರ್ ಮುಂದೆ ಕೂತವರು ಹೆಚ್ಚು ನಿರ್ಧಾರ ಮಾಡಿಕೊಂಡೇ ಕೂತಿರಬಹುದು, ಒಪ್ಪುತ್ತೇನೆ. ಆದರೂ ಇಷ್ಟು ದೊಡ್ಡ ಅಂತರ ಅದೊಂದರಿಂದ ಬರುವುದು ಕಷ್ಟ. ನಮ್ಮ ಒರಟು ಅಳತೆಯಲ್ಲಿ 42 ಎಂಬುದು 29ರಿಂದ 55ರವರೆಗೆ ಓಡಾಡಬಹುದು. ಮೊಬೈಲ್‌ನವರಲ್ಲಿ ಅರ್ಧದಷ್ಟು ಮುಗಿಸಿದ್ದರೂ 85 ಆಗಬೇಕಿತ್ತು. ಇದು ಆಕಸ್ಮಿಕವಲ್ಲ.

ಈ ಒಂದು ಹೋಲಿಕೆ ಎಷ್ಟೊಂದು ಊಹೆಗಳನ್ನು ಒಮ್ಮೆಗೇ ತೆಗೆದುಹಾಕುತ್ತದೆ ನೋಡಿ. ಕೊರಿಯರ್ ಶುಲ್ಕ ಕೊನೆಯಲ್ಲಿ ಕಾಣುವುದರಿಂದ ಜನ ಬಿಡುತ್ತಿದ್ದಾರೆಯೇ? ಶುಲ್ಕ ಎರಡೂ ಕಡೆ ಒಂದೇ, ಹಾಗಾಗಿ ಮುಖ್ಯ ಕಾರಣ ಅದಲ್ಲ. ಬೆಲೆ? ಅದೂ ಒಂದೇ. ಅಂಗಡಿಯ ಮೇಲೆ ನಂಬಿಕೆ ಇಲ್ಲವೇ? ಅದೂ ಎರಡೂ ಕಡೆ ಒಂದೇ. ಮೊಬೈಲ್‌ನಲ್ಲಿ ಮಾತ್ರ ಇರುವ, ಕಂಪ್ಯೂಟರ್‌ನಲ್ಲಿ ಇಲ್ಲದ ಏನೋ ಒಂದನ್ನು ಹುಡುಕಬೇಕು. ಶೇ. 10 ರಿಯಾಯಿತಿ ಕೊಡಲು ಹೊರಟಿದ್ದೆವಲ್ಲ, ಕೊಟ್ಟಿದ್ದರೆ ಇಬ್ಬರಿಗೂ ಕೊಟ್ಟಂತಾಗಿ, ತಡೆ ಇದ್ದಲ್ಲೇ ಇರುತ್ತಿತ್ತು.

ಇನ್ನು ಅನಲಿಟಿಕ್ಸ್ ಮುಚ್ಚಿಡಿ. ‘ಎಲ್ಲಿ’ ಎಂಬುದನ್ನು ಅದು ಹೇಳಿಯಾಗಿದೆ. ‘ಏಕೆ’ ಎಂಬುದು ಅದಕ್ಕೆ ಗೊತ್ತಿಲ್ಲ. ಮುಗಿಯದೆ ಉಳಿದ ಚೆಕ್‌ಔಟ್‌ಗಳ ಪಟ್ಟಿ ಅಂಗಡಿಯ ಆಡಳಿತ ಪುಟದಲ್ಲಿ ಇರುತ್ತದೆ. ಅದನ್ನು ಪೇಮೆಂಟ್ ಗೇಟ್‌ವೇ ಪಟ್ಟಿಯ ಪಕ್ಕದಲ್ಲಿಡಿ. ಗೇಟ್‌ವೇಯಲ್ಲಿ ಹೆಸರೇ ಇಲ್ಲದಿದ್ದರೆ, ಆ ಗ್ರಾಹಕರು ವಿಳಾಸ ಬರೆಯುವಾಗಲೋ ಪಿನ್‌ಕೋಡ್ ಹಾಕುವಾಗಲೋ ಬಿಟ್ಟಿದ್ದಾರೆ. ಹೆಸರಿದ್ದು ಹಣ ಬಂದಿಲ್ಲದಿದ್ದರೆ, ಹಣ ಕಟ್ಟುವ ಗುಂಡಿ ಒತ್ತಿದ ಮೇಲೆ ಬಿಟ್ಟಿದ್ದಾರೆ. ನಮ್ಮ ಅಂಗಡಿಯಲ್ಲಿ ಮೊಬೈಲ್‌ನಲ್ಲಿ ಮುಗಿಯದ 128ರಲ್ಲಿ ಸುಮಾರು 90 ಈ ಎರಡನೆಯ ಬಗೆಯವು ಎಂದುಕೊಳ್ಳಿ. ಹಾಗಾದರೆ ವಿಳಾಸದ ಪುಟವನ್ನು ಸದ್ಯ ಮುಟ್ಟಬೇಕಾಗಿಲ್ಲ.

ಈಗ ಸಾಧಾರಣ ಬೆಲೆಯ ಒಂದು ಆಂಡ್ರಾಯ್ಡ್ ಫೋನ್ ತೆಗೆದುಕೊಳ್ಳಿ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನಿಮ್ಮದೇ ಅಂಗಡಿಯಿಂದ ನಿಜವಾದ ಸೀರೆಯೊಂದನ್ನು ಯುಪಿಐನಿಂದ ಕೊಳ್ಳಿ. ಹಣವನ್ನು ಆಮೇಲೆ ಮರಳಿಸಿಕೊಳ್ಳಬಹುದು. ಇಂಥ ಅಂಗಡಿಗಳಲ್ಲಿ ಕಾಣುವ ದೋಷಗಳಲ್ಲಿ ಒಂದು ಹೀಗಿರುತ್ತದೆ: ಯುಪಿಐ ಎಂದು ಒತ್ತಿದಾಗ ಫೋನಿನ ಪರದೆಯ ಮೇಲೆ ಕ್ಯೂಆರ್ ಕೋಡ್ ಬರುತ್ತದೆ. ಕಂಪ್ಯೂಟರ್‌ನಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಫೋನ್ ಹಿಡಿದು ಸ್ಕ್ಯಾನ್ ಮಾಡಿದರಾಯಿತು. ಆದರೆ ಕೋಡ್ ಇರುವುದೇ ಫೋನಿನಲ್ಲಾದರೆ ಅದನ್ನು ಸ್ಕ್ಯಾನ್ ಮಾಡುವುದು ಯಾವುದರಿಂದ? ಗೊತ್ತಿರುವವರು ಸ್ಕ್ರೀನ್‌ಶಾಟ್ ತೆಗೆದು ಹೇಗೋ ಕಟ್ಟುತ್ತಾರೆ. ಉಳಿದವರು ಹೋಗುತ್ತಾರೆ. ಮೊಬೈಲ್‌ನಲ್ಲಿ ಕ್ಯೂಆರ್ ಬದಲು ಫೋನಿನಲ್ಲಿರುವ ಯುಪಿಐ ಆ್ಯಪ್ ನೇರವಾಗಿ ತೆರೆಯಬೇಕು. ಗೇಟ್‌ವೇಯವರು ಇದನ್ನು ಯುಪಿಐ ಇಂಟೆಂಟ್ ಎನ್ನುತ್ತಾರೆ. ಅದು ನಿಮ್ಮ ಖಾತೆಯಲ್ಲಿ, ನಿಮ್ಮ ಚೆಕ್‌ಔಟ್ ಪುಟದಲ್ಲಿ ಚಾಲೂ ಇದೆಯೇ ಎಂದು ಅವರನ್ನೇ ಕೇಳಿ.

ಅದೇ ಪರೀಕ್ಷೆಯನ್ನು ಇನ್‌ಸ್ಟಾಗ್ರಾಂ ಒಳಗಿನಿಂದಲೂ ಮಾಡಿ. ಅಲ್ಲಿ ಲಿಂಕ್ ಒತ್ತಿದಾಗ ಕ್ರೋಮ್ ತೆರೆಯುವುದಿಲ್ಲ, ಇನ್‌ಸ್ಟಾಗ್ರಾಂನದೇ ಒಳ ಬ್ರೌಸರ್ ತೆರೆಯುತ್ತದೆ. ಅಂಥ ಒಳ ಬ್ರೌಸರ್‌ಗಳಲ್ಲಿ `upi://` ಎಂದು ಆರಂಭವಾಗುವ ಲಿಂಕ್ ಆ್ಯಪನ್ನು ತೆರೆಯದೆ `ERR_UNKNOWN_URL_SCHEME` ಎಂಬ ದೋಷ ತೋರಿಸಿ ನಿಲ್ಲಬಹುದು. ಜಾಹೀರಾತಿನಿಂದ ಬಂದವರಲ್ಲಿ 75 ಭೇಟಿಗಳು ಚೆಕ್‌ಔಟ್ ಮುಟ್ಟಿ 18 ಮಾತ್ರ ಆರ್ಡರ್ ಆಗಿದ್ದವು. ಇಲ್ಲೂ ಅದೇ ನಾಲ್ವರಲ್ಲಿ ಒಬ್ಬರು. ಹಾಗಾದರೆ ಜಾಹೀರಾತಿನದು ತಪ್ಪೇ ಇಲ್ಲವೇ ಎಂದು ನೀವು ಕೇಳಬಹುದು. ಲೆಕ್ಕ ಹಾಕೋಣ. ಅರ್ಧದಷ್ಟು ಮಂದಿ ಮುಗಿಸಿದ್ದರೂ 37 ಆರ್ಡರ್, ಉಳಿಕೆ ಸುಮಾರು 20,000, ಖರ್ಚು 30,000. ಚೆಕ್‌ಔಟ್ ಸರಿಯಾದ ಮೇಲೂ ಈ ಜಾಹೀರಾತು ಹೀಗೇ ನಡೆದರೆ ನಷ್ಟವೇ.

ಕೆಲಸಗಳ ಸರದಿಯನ್ನು ಈಗ ಹಣದಲ್ಲಿ ಬರೆಯಬಹುದು. ಮೊಬೈಲ್ ಚೆಕ್‌ಔಟ್ ಸರಿಯಾಗಿ 170ರಲ್ಲಿ ಅರ್ಧ ಮುಗಿದರೆ 43 ಆರ್ಡರ್ ಹೆಚ್ಚು, ನಾಲ್ಕು ವಾರಕ್ಕೆ 23,000 ರೂಪಾಯಿಯಷ್ಟು ಉಳಿಕೆ. ಇದರ ಪಕ್ಕದಲ್ಲಿ ಸೀರೆಯ ಪುಟವನ್ನು ಇಡೋಣ. ಅಲ್ಲೂ ಕೊರತೆಗಳಿವೆ: ಒಡಲು ಹತ್ತಿಯೋ ರೇಷ್ಮೆಯೋ ಎಂದು ಬರೆದಿಲ್ಲ, ರವಿಕೆ ಕಣ ಜೊತೆಗೆ ಬರುತ್ತದೆಯೇ ಎಂದು ಹೇಳಿಲ್ಲ, ಟೋಪ ತೆನಿ ಸೆರಗನ್ನು ಹತ್ತಿರದಿಂದ ತೋರಿಸುವ ಫೋಟೋ ಇಲ್ಲ. ಇವನ್ನೆಲ್ಲ ಸರಿಪಡಿಸಿ ಕಾರ್ಟಿಗೆ ಬೀಳುವುದು 330ರಿಂದ 367ಕ್ಕೆ ಏರಿತು ಎನ್ನೋಣ. ಈಗಿನ ಚೆಕ್‌ಔಟ್‌ನಲ್ಲಿ ಕಾರ್ಟಿನ ಐದರಲ್ಲಿ ಒಂದು ಮಾತ್ರ ಆರ್ಡರ್ ಆಗುತ್ತದೆ. ಆ 37ರಿಂದ ಸಿಗುವುದು ಏಳೆಂಟು ಆರ್ಡರ್. ಚೆಕ್‌ಔಟ್ ಸರಿಯಾದ ಮೇಲೆ ಅದೇ ಕೆಲಸ ಮಾಡಿದರೆ ಹನ್ನೆರಡು ಹದಿಮೂರು. ಕೆಳಗಿನ ಸೋರಿಕೆ ಮುಚ್ಚದೆ ಮೇಲಿನಿಂದ ಹೆಚ್ಚು ಸುರಿದರೆ, ಹೆಚ್ಚು ಸುರಿದದ್ದರ ಬಹುಪಾಲೂ ಅಲ್ಲೇ ಸೋರುತ್ತದೆ. ಹಣ ಕಟ್ಟುವ ತುದಿಯಿಂದ ಹಿಂದಕ್ಕೆ ಬನ್ನಿ ಎಂದು ನಾನು ಹೇಳುವುದು ಇದಕ್ಕಾಗಿ.

ಎರಡನ್ನೂ ಒಂದೇ ವಾರದಲ್ಲಿ ಮಾಡಬೇಡಿ. ಚೆಕ್‌ಔಟ್ ಸರಿಪಡಿಸಿದ ದಿನಾಂಕ ಬರೆದಿಟ್ಟುಕೊಂಡು ನಾಲ್ಕು ವಾರ ಬಿಡಿ. ನಡುವೆ ದಸರೆಯೋ ದೀಪಾವಳಿಯೋ ಬಂದರೆ ಭೇಟಿಗಳೂ ಆರ್ಡರ್‌ಗಳೂ ಏರುತ್ತವೆ. ಅದು ನಿಮ್ಮ ಕೆಲಸದ ಫಲವೆಂದು ತಿಳಿಯಬೇಡಿ. ಆಗ ನೋಡಬೇಕಾದ್ದು ಒಟ್ಟು ಕನ್ವರ್ಷನ್ ರೇಟನ್ನಲ್ಲ. ಜಾಹೀರಾತು ನಿಲ್ಲಿಸಿದ್ದೀರಿ, ಆದ್ದರಿಂದ ಅದು ಹೇಗೂ ಮೇಲೇರಿರುತ್ತದೆ, ಚೆಕ್‌ಔಟ್ ಹಾಗೆಯೇ ಕೆಟ್ಟಿದ್ದರೂ ಏರಿರುತ್ತದೆ. ಗೂಗಲ್ ಮತ್ತು ಡೈರೆಕ್ಟ್‌ನಿಂದ ಮೊಬೈಲ್‌ನಲ್ಲಿ ಬಂದು ಚೆಕ್‌ಔಟ್ ಮುಟ್ಟಿದವರಲ್ಲಿ ಎಷ್ಟು ಮಂದಿ ಹಣ ಕಟ್ಟಿದರು ಎಂಬ ಒಂದೇ ಅಂಕಿಯನ್ನು ನೋಡಿ. 170ಕ್ಕೆ 42 ಇದ್ದದ್ದು 60 ದಾಟಿದ್ದರೆ ತಡೆ ಸರಿದಿದೆ, ಸೀರೆಯ ಪುಟಕ್ಕೆ ಹೋಗಬಹುದು. 45ರಲ್ಲೋ 50ರಲ್ಲೋ ನಿಂತಿದ್ದರೆ ಮತ್ತೆ ಗೇಟ್‌ವೇ ಪಟ್ಟಿ ತೆರೆದು, ಮುಗಿಯದ ಆ 90 ಈಗ ಎಷ್ಟಾಗಿವೆ ಎಂದು ಎಣಿಸಿ. ಆ ಸಂಖ್ಯೆ ಇಳಿದಿದ್ದು ವಿಳಾಸದ ಹಂತದಲ್ಲಿ ಬಿಟ್ಟವರು ಹೆಚ್ಚಿದ್ದರೆ, ಮುಂದಿನ ಕೆಲಸ ಪಿನ್‌ಕೋಡ್ ಪೆಟ್ಟಿಗೆಯದು.